ಒಂದೇ ಪೆಟ್ಟಿಗೆ, 12,000 ರೂಪಾಯಿ: ಸರಳ ಬಡ್ಡಿ, ಚಕ್ರಬಡ್ಡಿ ಎರಡನ್ನೂ ಕ್ಲಾಸಲ್ಲಿ ಕಲಿಸೋದು ಹೇಗೆ

ಬಡ್ಡಿ ಪಾಠ ಅಂದ್ರೆ ಬೋರ್ಡ್ ಮೇಲೆ ಎರಡು ಸೂತ್ರ ಬರೆದು, ಕೆಳಗೆ ಹತ್ತು ಲೆಕ್ಕ ಕೊಟ್ಟು ಮುಗಿಸಿಬಿಡ್ತೀವಿ. ನಾನೂ ಸುಮಾರು ವರ್ಷ ಹಾಗೇ ಮಾಡ್ತಿದ್ದೆ. ಮಕ್ಕಳು ಮಾರ್ಕ್ಸ್ ತೆಗೀತಾರೆ, ಅದರಲ್ಲಿ ತೊಂದ್ರೆ ಇಲ್ಲ, ಆದ್ರೆ "12 ಸಾವಿರ ಸಾಲ, ಹನ್ನೆರಡು ಪರ್ಸೆಂಟ್ ಬಡ್ಡಿ, ತಿಂಗಳಿಗೆ 1120 ರೂಪಾಯಿ ಕಂತು, ಒಂದು ವರ್ಷ" ಅಂತ ಯಾರಾದ್ರೂ ಬಂದು ಹೇಳಿದ್ರೆ ಅದು ನಿಜವಾಗ್ಲೂ ಹನ್ನೆರಡೇನಾ ಅಂತ ಕೇಳಬೇಕು ಅನ್ನೋದೇ ಅವರಿಗೆ ಹೊಳೆಯಲ್ಲ. ಸೂತ್ರ ಬಾಯಿಪಾಠ ಇದ್ದೂ ಹೊಳೆಯಲ್ಲ. ಯಾಕಂದ್ರೆ ಸೂತ್ರದಲ್ಲಿ ದುಡ್ಡು ಯಾರ ಕೈಲಿದೆ ಅನ್ನೋದು ಕಾಣಲ್ಲ.

ಅದಕ್ಕೆ ಈಗ ನಾನು ಪಾಠಾನ ಪೂರ್ತಿ ಒಂದು ಉಳಿತಾಯದ ಪೆಟ್ಟಿಗೆ ಸುತ್ತ ಕಟ್ತೀನಿ. ಇಡೀ ಪಾಠಕ್ಕೆ ಎರಡೇ ಪ್ರಶ್ನೆ. ಈ ಅವಧಿಯಲ್ಲಿ ಯಾರ ಹತ್ರ ಎಷ್ಟು ದುಡ್ಡಿತ್ತು? ಅವಧಿ ಮುಗಿದಾಗ ಬಡ್ಡಿ ಎಲ್ಲಿಗೆ ಹೋಯ್ತು? ಈ ಎರಡನ್ನ ಪ್ರತಿ ಸಾಲಲ್ಲೂ ಕೇಳ್ತಾ ಹೋದ್ರೆ ಸರಳ ಬಡ್ಡಿ, ಚಕ್ರಬಡ್ಡಿ, ಫ್ಲಾಟ್ ರೇಟು, ಇಎಂಐ ಎಲ್ಲಾ ಒಂದೇ ದಾರದಲ್ಲಿ ಬರತ್ತೆ. ನನಗೆ ಐದು ಪೀರಿಯಡ್ ಹಿಡಿಯತ್ತೆ, ನಾಲ್ಕರಲ್ಲಿ ಮುಗಿಸ್ಬೇಕು ಅಂದ್ರೆ ಎಲ್ಲಿ ಕತ್ತರಿಸ್ಬಹುದು ಅಂತ ಮುಂದೆ ಹೇಳ್ತೀನಿ.

ಮೊದಲು ತಯಾರಿ

ಕ್ಲಾಸನ್ನ ನಾಲ್ಕು ನಾಲ್ಕು ಜನರ ಗುಂಪು ಮಾಡಿ. ಪ್ರತಿ ಗುಂಪಲ್ಲೂ ಇಬ್ಬರು ದುಡ್ಡು ಇಡೋರು, ಒಬ್ಬರು ಸಾಲ ತಗೊಳ್ಳೋರು, ಒಬ್ಬರು ಲೆಕ್ಕದ ಪುಸ್ತಕ ಬರೆಯೋರು. ಪೆಟ್ಟಿಗೆ ಅಂದ್ರೆ ಒಂದು ಕವರ್ ಆದ್ರೂ ಸಾಕು, ದುಡ್ಡಿಗೆ ಕಾಗದದ ಚೀಟಿ: 1000ದ್ದು ಒಂದಷ್ಟು, 100ದ್ದು, 10ರದ್ದು ಒಂದಷ್ಟು. ಚೀಟಿ ಯಾಕೆ, ಹೈಸ್ಕೂಲ್ ದಾಟಿದ ಮಕ್ಕಳಿಗೆ ಇದು ಆಟ ಆಗಲ್ವಾ ಅಂತ ಅನ್ನಿಸ್ಬಹುದು. ಬಿಡಬೇಡಿ ಇದನ್ನ. ಸಾಲದವನು ಕಂತು ಕಟ್ಟಿದಾಗ ಅವನ ಕೈಲಿರೋ ಚೀಟಿ ಕಮ್ಮಿ ಆಗೋದು ಎಲ್ರಿಗೂ ಕಣ್ಣಾರೆ ಕಾಣ್ಬೇಕು, ಮೂರನೇ ಪೀರಿಯಡ್ ಪೂರ್ತಿ ನಿಂತಿರೋದೇ ಅದರ ಮೇಲೆ.

ಪೆಟ್ಟಿಗೆ ನಿಯಮ ಎರಡು. ದುಡ್ಡು ಇಟ್ಟವರಿಗೆ ವರ್ಷಕ್ಕೆ 10 ಪರ್ಸೆಂಟ್ ಬಡ್ಡಿ ಕೊಡತ್ತೆ. ಸಾಲ ತಗೊಂಡವರ ಹತ್ರ ವರ್ಷಕ್ಕೆ 12 ಪರ್ಸೆಂಟ್ ಇಸ್ಕೊಳತ್ತೆ, ಅಂದ್ರೆ ತಿಂಗಳಿಗೆ 1 ಪರ್ಸೆಂಟ್, ನೂರಕ್ಕೆ ಒಂದ್ರೂಪಾಯಿ ಬಡ್ಡಿ. ಎಲ್ಲಾ ಕಡೆ ಮೊತ್ತ 12,000ವೇ. ಈ ಸಂಖ್ಯೆಗಳನ್ನ ಬೇಕಂತಲೇ ಹೀಗೆ ಆರಿಸಿದ್ದು, 12,000ನ 12 ತಿಂಗಳಿಗೆ ಹಂಚಿದ್ರೆ ಸರಿಯಾಗಿ 1000 ಬರತ್ತೆ, ತಿಂಗಳ ಬಡ್ಡಿ 120, 110, 100 ಅಂತ ಇಳೀತಾ ಹೋಗತ್ತೆ. ಮೊದಲ ಸಲ ಮಾಡುವಾಗ ನಾನು 15,000, ಎಂಟೂವರೆ ಪರ್ಸೆಂಟ್ ಅಂತ ತಗೊಂಡಿದ್ದೆ. ಮಕ್ಕಳ ಗಮನವೆಲ್ಲ ದಶಾಂಶದ ಹಿಂದೆ ಹೋಗಿ, ದುಡ್ಡು ಎಲ್ಲಿ ಹೋಯ್ತು ಅನ್ನೋದನ್ನ ಯಾರೂ ನೋಡ್ಲೇ ಇಲ್ಲ.

ಲೆಕ್ಕದ ಪುಸ್ತಕದಲ್ಲಿ ನಾಲ್ಕು ಕಾಲಂ ಹಾಕಿಸಿ: ಅವಧಿ ಶುರುವಿನಲ್ಲಿ ಇದ್ದ ದುಡ್ಡು, ಈ ಅವಧಿಯ ಬಡ್ಡಿ, ಕೈಗೆ ಬಂದಿದ್ದು ಅಥವಾ ಕಟ್ಟಿದ್ದು, ಕೊನೆಗೆ ಉಳಿದಿದ್ದು. ಐದು ಪೀರಿಯಡ್ಡಿಗೂ ಇದೇ ನಾಲ್ಕು ಕಾಲಂ, ಬದಲಾಯಿಸ್ಬೇಡಿ. ಸೂತ್ರ ಇನ್ನೂ ಬೋರ್ಡ್ ಮೇಲೆ ಬರಬಾರದು, ಯಾರಾದ್ರೂ ಮಕ್ಕಳು ಮೊದಲೇ ಬರೆದಿಟ್ಕೊಂಡಿದ್ರೆ ಇರ್ಲಿ, ಆಮೇಲೆ ತಾಳೆ ನೋಡೋಣ ಅಂತ ಹೇಳಿ.

ಮೊದಲನೇ ಪೀರಿಯಡ್: ಇಬ್ಬರು ಇಡ್ತಾರೆ, ಒಬ್ಬಳು ಬಡ್ಡಿ ಎತ್ತುತ್ತಾಳೆ

ಇಬ್ಬರೂ 12,000 ಇಡ್ತಾರೆ, ಮೂರು ವರ್ಷ. ಒಬ್ಬಳು ಪ್ರತಿ ವರ್ಷದ ಕೊನೆಗೆ ಬಡ್ಡಿನ ಎತ್ಕೊಂಡು ಜೇಬಿಗೆ ಹಾಕ್ಕೊಳ್ತಾಳೆ. ಇನ್ನೊಬ್ಬ ಬಡ್ಡಿನ ಮುಟ್ಟಲ್ಲ, ಪೆಟ್ಟಿಗೇಲೇ ಬಿಡ್ತಾನೆ. ಅಷ್ಟೇ ವ್ಯತ್ಯಾಸ. ರೇಟು ಒಂದೇ, ಅಸಲು ಒಂದೇ, ದಿನವೂ ಒಂದೇ.

ಮೊದಲನೆಯವಳ ಪುಸ್ತಕ ಬೇಗ ಮುಗಿಯತ್ತೆ: 12,000, ಬಡ್ಡಿ 1200, ಎತ್ಕೊಂಡಿದ್ದು 1200, ಉಳಿದಿದ್ದು 12,000. ಮೂರು ಸಾಲೂ ಹೀಗೇ. ಒಟ್ಟು 3600 ಬಡ್ಡಿ, ಅಸಲೂ ಸೇರಿದ್ರೆ 15,600.

ಎರಡನೆಯವನದು ಮೊದಲ ವರ್ಷ 12,000ಕ್ಕೆ 1200, ಉಳಿದಿದ್ದು 13,200. ಎರಡನೇ ವರ್ಷ 13,200ಕ್ಕೆ 1320, ಉಳಿದಿದ್ದು 14,520. ಮೂರನೇ ವರ್ಷ 14,520ಕ್ಕೆ 1452, ಕೊನೆಗೆ 15,972.

ವ್ಯತ್ಯಾಸ 372 ರೂಪಾಯಿ. ಇಲ್ಲಿ ನಿಲ್ಲಿಸಿ, ಮುಂದಕ್ಕೆ ಹೋಗ್ಬೇಡಿ. "ಈ 372 ಎಲ್ಲಿಂದ ಬಂತು, ಒಂದೊಂದು ರೂಪಾಯಿಗೂ ಲೆಕ್ಕ ಕೊಡಿ" ಅಂತ ಕೇಳಿ. "ಬಡ್ಡಿ ಮೇಲೆ ಬಡ್ಡಿ ಸರ್" ಅಂತ ಥಟ್ಟನೆ ಉತ್ತರ ಬರತ್ತೆ, ಅದನ್ನ ಒಪ್ಕೊಳ್ಳಬೇಡಿ, ಯಾವ ಬಡ್ಡಿ ಮೇಲೆ ಯಾವ ವರ್ಷ ಎಷ್ಟು ಅಂತ ಬರೆಸಿ. ಮೊದಲ ವರ್ಷದ 1200 ಪೆಟ್ಟಿಗೇಲಿ ಇನ್ನೂ ಎರಡು ವರ್ಷ ಕೂತಿತ್ತು, ವರ್ಷಕ್ಕೆ 120ರ ಹಾಗೆ 240 ದುಡೀತು. ಎರಡನೇ ವರ್ಷ ಅಸಲಿನ ಮೇಲೆ ಬಂದ 1200 ಒಂದು ವರ್ಷ ಕೂತಿತ್ತು, ಅದು 120 ದುಡೀತು. ಈಗ 360 ಆಯ್ತು. ಇನ್ನು 12 ಎಲ್ಲಿ? ಎರಡನೇ ವರ್ಷ ಬಡ್ಡಿ ಮೇಲೆ ಬಂದಿದ್ದ 120 ಇತ್ತಲ್ಲ, ಅದೂ ಮೂರನೇ ವರ್ಷ ಸುಮ್ನೆ ಕೂತಿಲ್ಲ, 12 ರೂಪಾಯಿ ತಂತು. ಬಡ್ಡಿಯ ಬಡ್ಡಿಯ ಬಡ್ಡಿ. ಕ್ಲಾಸಲ್ಲಿ ಈ 12 ರೂಪಾಯಿ ಹುಡುಕೋಕೆ ಕೆಲವೊಮ್ಮೆ ಹತ್ತು ನಿಮಿಷ ಹಿಡಿಯತ್ತೆ, ಆ ಹತ್ತು ನಿಮಿಷ ಕೊಡಿ.

ಸಿಕ್ಕ ಮೇಲೆ ಬೋರ್ಡ್ ಮೇಲೆ ಒಂದೇ ಸಾಲಲ್ಲಿ ಬರೀರಿ: 12000 + 3 × 1200 + 3 × 120 + 12 = 15972. ಮುಂದಿರೋ ಅಂಕಿಗಳು 1, 3, 3, 1. ದ್ವಿಪದ ಪ್ರಮೇಯ ಆಗಲೇ ಓದಿರೋ ಕ್ಲಾಸಾದ್ರೆ ಯಾರಾದ್ರೂ ಒಬ್ಬರು ಗುರುತು ಹಿಡಿದೇ ಹಿಡೀತಾರೆ. ಇದರಲ್ಲಿ ಮೊದಲ ಎರಡು ತುಂಡು ಸೇರಿದ್ರೆ ಸರಳ ಬಡ್ಡಿಯವಳ ಮೊತ್ತ, ಮಿಕ್ಕಿದ್ದು ಚಕ್ರಬಡ್ಡಿ ಹೆಚ್ಚಾಗಿ ಕೊಟ್ಟಿದ್ದು. ಈ ಒಂದು ಸಾಲು ಕಂಡ ಮೇಲೆ ಎರಡು ಸೂತ್ರಗಳು ಬೇರೆ ಬೇರೆ ಅಧ್ಯಾಯದ ಹಾಗೆ ಕಾಣೋದಿಲ್ಲ.

ಎರಡನೇ ಪೀರಿಯಡ್: ಈಗ ಸೂತ್ರ

ಪುಸ್ತಕದ ಸಾಲುಗಳನ್ನ ನೋಡ್ಕೊಂಡು ಮಕ್ಕಳೇ ಸೂತ್ರ ಬರೀಲಿ. ಒಬ್ಬಳದ್ರಲ್ಲಿ ಪ್ರತಿ ವರ್ಷ ಒಂದೇ 1200 ಕೂಡ್ತಾ ಹೋಯ್ತು, ಅದು ಸಮಾಂತರ ಶ್ರೇಢಿ. ಇನ್ನೊಬ್ಬನದ್ರಲ್ಲಿ ಪ್ರತಿ ವರ್ಷ 1.1ರಿಂದ ಗುಣಿಸ್ತಾ ಹೋಯ್ತು, ಅದು ಗುಣೋತ್ತರ ಶ್ರೇಢಿ.

```
A = P(1 + r t)
A = P(1 + r)^t
```

ಎರಡರಲ್ಲೂ `r` ಅಂದ್ರೆ 0.10, ಹತ್ತು ಅಲ್ಲ. ಈ ತಪ್ಪು ಬಂದ್ರೆ ಉತ್ತರ ಅಸಂಬದ್ಧ ಆಗತ್ತೆ, ಮಕ್ಕಳೇ ಹಿಡ್ಕೊಳ್ತಾರೆ. ನನಗೆ ಹೆಚ್ಚು ಚಿಂತೆ ಕೊಡೋದು ಉತ್ತರ ಸರಿ ಇದ್ದ ಹಾಗೇ ಕಾಣೋ ತಪ್ಪು. ಅಂಥದ್ದು ಎರಡಿದೆ. ಒಂದು, ವರ್ಷದ ರೇಟು ಇಟ್ಕೊಂಡು ಅವಧಿನ ತಿಂಗಳಲ್ಲಿ ಲೆಕ್ಕ ಹಾಕೋದು ಅಥವಾ ಅದರ ತಿರುವು ಮುರುವು. ಇನ್ನೊಂದು, ಎರಡನೇ ಸೂತ್ರ ಕೊಡೋದು ಮೊತ್ತ, ಬಡ್ಡಿ ಅಲ್ಲ ಅನ್ನೋದನ್ನ ಮರೆಯೋದು. ಎರಡಕ್ಕೂ ನಾನು ಕೊಡೋ ಪರೀಕ್ಷೆ ಒಂದೇ, "ಮೊದಲ ಒಂದು ಸಾಲು ಮಾತ್ರ ಪುಸ್ತಕದ ಹಾಗೆ ಬರಿ, ನಿನ್ನ ಸೂತ್ರ ಒಂದು ಅವಧಿಗೆ ಅದೇ ಉತ್ತರ ಕೊಡ್ತಾ ನೋಡು". ಅವಧಿಗೆ 1 ಹಾಕಿದಾಗ ಎರಡೂ ಸೂತ್ರ ಪುಸ್ತಕದ ಮೊದಲ ಸಾಲಿನ ಉತ್ತರವನ್ನೇ ಕೊಡಬೇಕು. ಕೊಡಲಿಲ್ಲ ಅಂದ್ರೆ ರೇಟಲ್ಲೋ ಅವಧಿಯಲ್ಲೋ ಎಡವಟ್ಟು ಆಗಿದೆ ಅಂತ.

ಗ್ರಾಫ್ ಹಾಕಿಸಿ, ಆದ್ರೆ ಮೂರು ವರ್ಷಕ್ಕಲ್ಲ. ಮೂರು ವರ್ಷದ ಗ್ರಾಫಲ್ಲಿ ಎರಡು ಗೆರೆ ಹೆಚ್ಚು ಕಮ್ಮಿ ಅಂಟ್ಕೊಂಡೇ ಇರತ್ತೆ, ಮಕ್ಕಳು "ಇಷ್ಟೇನಾ" ಅಂತಾರೆ. ಹತ್ತು ವರ್ಷಕ್ಕೆ ಹಾಕಿದ್ರೆ ಒಂದು 24,000ಕ್ಕೆ ನೇರವಾಗಿ ಹೋಗಿ ನಿಲ್ಲತ್ತೆ, ಇನ್ನೊಂದು ಬಾಗ್ತಾ ಬಾಗ್ತಾ 31,124.91ಕ್ಕೆ ಏರತ್ತೆ. ದುಡ್ಡು ಎರಡರಷ್ಟು ಆಗೋದು ಯಾವಾಗ ಅಂತ ಗ್ರಾಫಲ್ಲೇ ಹುಡುಕಿಸಿ: ಸರಳ ಬಡ್ಡಿಗೆ ಪೂರ್ತಿ ಹತ್ತು ವರ್ಷ, ಚಕ್ರಬಡ್ಡಿಗೆ ಎಂಟನೇ ವರ್ಷ ಮುಗಿಯೋ ಮೊದಲೇ.

ಒಂದು ಪ್ರಶ್ನೆಗೆ ಮಾತ್ರ ತಯಾರಿರಿ. ಚುರುಕಾಗಿರೋ ಮಕ್ಕಳು ಅರ್ಧ ವರ್ಷಕ್ಕೆ ಏನಾಗತ್ತೆ ಅಂತ ಕ್ಯಾಲ್ಕುಲೇಟರಲ್ಲಿ 0.5 ಹಾಕಿ ನೋಡ್ತಾರೆ. ಸರಳ ಬಡ್ಡಿ 600 ಬರತ್ತೆ, ಎರಡನೇ ಸೂತ್ರದಲ್ಲಿ 585.71 ಮಾತ್ರ. "ಚಕ್ರಬಡ್ಡಿ ಯಾವಾಗ್ಲೂ ಜಾಸ್ತಿ ಅಂದ್ರಲ್ಲ ಸರ್, ಇದು ಕಮ್ಮಿ ಬಂತು." ನಿಜ, ಒಂದು ಅವಧಿಗಿಂತ ಒಳಗೆ ಬಾಗಿದ ಗೆರೆ ನೇರ ಗೆರೆ ಕೆಳಗೇ ಇರತ್ತೆ, ಶುರುವಲ್ಲೂ ಒಂದನೇ ವರ್ಷದ ಕೊನೇಲೂ ಮಾತ್ರ ಎರಡೂ ಮುಟ್ಟತ್ತೆ. ಅದಕ್ಕೇ "ಯಾವಾಗ್ಲೂ ಜಾಸ್ತಿ" ಅಂತ ಹೇಳ್ಬೇಡಿ, "ಒಂದು ಅವಧಿ ದಾಟಿದ ಮೇಲೆ ಜಾಸ್ತಿ" ಅಂತ ಹೇಳಿ. ಪುಸ್ತಕದ ಭಾಷೇಲಿ ಹೇಳೋದಾದ್ರೆ, ಅವಧಿ ಮುಗಿಯೋ ತನಕ ಬಡ್ಡಿ ಅಸಲಿಗೆ ಸೇರೋದೇ ಇಲ್ಲ, ಸೇರದೆ ಇರೋದು ದುಡಿಯೋದು ಹೇಗೆ.

ನಾಲ್ಕೇ ಪೀರಿಯಡ್ ಇದ್ರೆ ಗ್ರಾಫನ್ನ ಮನೆಗೆ ಕೊಟ್ಟು ಇದನ್ನೂ ಮೊದಲನೇದನ್ನೂ ಸೇರಿಸ್ಬಹುದು. ಮುಂದಿಂದನ್ನ ಮಾತ್ರ ಅವಸರ ಮಾಡ್ಬೇಡಿ.

ಮೂರನೇ ಪೀರಿಯಡ್: ಸಾಲ

ಈಗ ಪೆಟ್ಟಿಗೆಯಿಂದ 12,000 ಎತ್ತಿ ಸಾಲದವನ ಕೈಗೆ ಕೊಡಿ, ಹನ್ನೆರಡು ಸಾವಿರದ ಚೀಟಿಗಳನ್ನ ಎಣಿಸಿ ಕೊಡಿ. ಹನ್ನೆರಡು ಪರ್ಸೆಂಟ್, ಹನ್ನೆರಡು ತಿಂಗಳು, ಪ್ರತಿ ತಿಂಗಳೂ ಕಂತು. ತಿಂಗಳ ಕಂತು ಎಷ್ಟಾಗ್ಬೇಕು ಅಂತ ಮಾತ್ರ ಕೇಳಿ, ಬೇರೇನೂ ಸುಳಿವು ಕೊಡ್ಬೇಡಿ.

ಬಹುತೇಕ ಎಲ್ಲಾ ಗುಂಪೂ ಒಂದೇ ದಾರಿ ಹಿಡಿಯತ್ತೆ. 12,000ಕ್ಕೆ ಒಂದು ವರ್ಷದ ಬಡ್ಡಿ 1440, ಒಟ್ಟು 13,440, ಹನ್ನೆರಡರಿಂದ ಭಾಗಿಸಿದ್ರೆ ತಿಂಗಳಿಗೆ 1120. ನೀಟಾಗಿದೆ, ಯಾರಿಗೂ ಅನುಮಾನ ಬರಲ್ಲ. ಇದಕ್ಕೆ ಫ್ಲಾಟ್ ರೇಟು ಅಂತಾರೆ. ಬೋರ್ಡ್ ಮೇಲೆ ಬರೆದಿಡಿ, ತಪ್ಪು ಅನ್ನಬೇಡಿ, ಕಂತು ಕಟ್ಟೋಕೆ ಶುರು ಮಾಡಿಸಿ.

ಪ್ರತಿ ತಿಂಗಳೂ ಸಾಲದವನು 1000ದ ಒಂದು ಚೀಟಿ ವಾಪಸ್ ಕೊಡ್ತಾನೆ, ಅದು ಅಸಲು. ಬಡ್ಡಿ 120 ಬೇರೆ ಕೊಡ್ತಾನೆ. ಆರು ತಿಂಗಳು ಆದಾಗ ನಿಲ್ಲಿಸಿ. "ಕೈ ತೋರಿಸು. ಪೆಟ್ಟಿಗೆಯ ದುಡ್ಡು ಈಗ ನಿನ್ನ ಹತ್ರ ಎಷ್ಟಿದೆ?" ಆರೇ ಚೀಟಿ. "ಏಳನೇ ತಿಂಗಳು ಎಷ್ಟು ದುಡ್ಡಿಗೆ ಬಡ್ಡಿ ಕಟ್ತಾ ಇದೀಯ?" ಒಂದು ಕ್ಷಣ ಕ್ಲಾಸ್ ಸುಮ್ಮನಾಗತ್ತೆ. ಕೈಲಿರೋದು 6000, ಬಡ್ಡಿ 12,000ಕ್ಕೆ. ಆಟ ಮುಂದುವರಿಸಿ, ಕೊನೇ ತಿಂಗಳಿಗೆ ಬನ್ನಿ: ಕೈಲಿ ಒಂದೇ ಒಂದು ಚೀಟಿ, 1000 ರೂಪಾಯಿ, ಅದಕ್ಕೆ ಆ ಒಂದು ತಿಂಗಳ ಬಡ್ಡಿ 120. ನೂರಕ್ಕೆ ಒಂದು ರೂಪಾಯಿ ಅಂತ ಶುರುವಾಗಿದ್ದು ನೂರಕ್ಕೆ ಹನ್ನೆರಡು ರೂಪಾಯಿ ಆಗಿ ಮುಗೀತು. ಚೀಟಿ ಇಲ್ದೆ ಇದನ್ನ ಎಷ್ಟು ವಿವರಿಸಿದ್ರೂ ಮಕ್ಕಳಿಗೆ ಇಷ್ಟು ನಾಟಲ್ಲ.

ಈಗ ಪುಸ್ತಕದಲ್ಲಿ ಅದೇ ನಾಲ್ಕು ಕಾಲಂ ಹಾಕಿ ಮತ್ತೆ ಬರೆಸಿ, ಈ ಸಲ ಪ್ರತಿ ತಿಂಗಳೂ ಕೈಲಿರೋ ದುಡ್ಡಿಗೆ ಮಾತ್ರ 1 ಪರ್ಸೆಂಟ್. ಮೊದಲ ತಿಂಗಳು 12,000ಕ್ಕೆ 120, ಎರಡನೇದು 11,000ಕ್ಕೆ 110, ಹೀಗೆ ಇಳೀತಾ ಕೊನೇ ತಿಂಗಳು 1000ಕ್ಕೆ 10. ಎಲ್ಲಾ ಕೂಡಿಸಿದ್ರೆ 780. ಇಲ್ಲೂ ಸಮಾಂತರ ಶ್ರೇಢಿಯೇ, ಇಳಿಯೋ ದಿಕ್ಕಲ್ಲಿ. ಇದಕ್ಕೆ ರೆಡ್ಯೂಸಿಂಗ್ ಬ್ಯಾಲೆನ್ಸ್ ಅಂತ ಹೆಸರು, ಉಳಿದ ಬಾಕಿ ಮೇಲೆ ಮಾತ್ರ ಬಡ್ಡಿ. ಒಂದೇ ಸಾಲ, ಒಂದೇ "12 ಪರ್ಸೆಂಟ್", ಒಂದು ಕಡೆ 1440, ಇನ್ನೊಂದು ಕಡೆ 780.

ಹಾಗಾದ್ರೆ 1440 ನಿಜವಾಗಿ ಎಷ್ಟು ಪರ್ಸೆಂಟ್? ಮೊದಲು ಕೈ ಲೆಕ್ಕ. ವರ್ಷವಿಡೀ ಅವನ ಹತ್ರ ಸರಾಸರಿ ಎಷ್ಟಿತ್ತು ಅಂತ ನೋಡಿ, 12,000ದಿಂದ 1000ದ ತನಕ ಕೂಡಿಸಿ ಹನ್ನೆರಡರಿಂದ ಭಾಗಿಸಿದ್ರೆ 6500. 6500ಕ್ಕೆ 780 ಅಂದ್ರೆ ಸರಿಯಾಗಿ 12 ಪರ್ಸೆಂಟ್, ಹೇಳಿದ ಮಾತಿಗೆ ತಾಳೆ ಆಯ್ತು. 6500ಕ್ಕೆ 1440 ಅಂದ್ರೆ 22ರ ಮೇಲೆ. ಇದು ಅಂದಾಜು, ನಿಖರವಾದ್ದು ಐದನೇ ಪೀರಿಯಡ್ಡಲ್ಲಿ ಬರತ್ತೆ.

ಇಲ್ಲಿ ಒಂದು ಎಚ್ಚರಿಕೆ. ಕೆಲವು ಮಕ್ಕಳು ಇದನ್ನ "ಫ್ಲಾಟ್ ಅಂದ್ರೆ ಸರಳ ಬಡ್ಡಿ, ರೆಡ್ಯೂಸಿಂಗ್ ಅಂದ್ರೆ ಚಕ್ರಬಡ್ಡಿ" ಅಂತ ಮನಸಲ್ಲಿ ಜೋಡಿಸ್ಕೊಂಡು ಬಿಡ್ತಾರೆ, ಮತ್ತೆ "ಹಂಗಾದ್ರೆ ಸಾಲಕ್ಕೆ ಚಕ್ರಬಡ್ಡಿನೇ ಒಳ್ಳೇದು" ಅನ್ನೋ ತೀರ್ಮಾನಕ್ಕೆ ಬರ್ತಾರೆ. ಪುಸ್ತಕ ತೋರಿಸಿ. 780 ಬಂದ ಪುಸ್ತಕದಲ್ಲಿ ಒಂದು ರೂಪಾಯಿ ಬಡ್ಡಿಯೂ ಬಾಕಿಗೆ ಸೇರಿಲ್ಲ, ತಿಂಗಳು ತಿಂಗಳೂ ಬಡ್ಡಿ ಚುಕ್ತಾ ಆಗಿದೆ, ಬಡ್ಡಿ ಮೇಲೆ ಬಡ್ಡಿ ಹುಟ್ಟೋಕೆ ಜಾಗವೇ ಇಲ್ಲ. ಬಡ್ಡಿ ಎಲ್ಲಿಗೆ ಹೋಯ್ತು ಅನ್ನೋ ಎರಡನೇ ಪ್ರಶ್ನೆ ಇಟ್ಕೊಂಡಿದ್ದು ಇದಕ್ಕೇ.

ಕಂತು ತಪ್ಪಿದ್ರೆ ಮಾತ್ರ ಅದು ಹುಟ್ಟತ್ತೆ. ಮೊದಲ ಮೂರು ತಿಂಗಳು ಏನೂ ಕಟ್ಟಲಿಲ್ಲ, ಬಡ್ಡಿ ಬಾಕಿಗೆ ಸೇರ್ತಾ ಹೋಯ್ತು ಅಂತ ಬರೆಸಿ: 12,120, ಆಮೇಲೆ 12,241.20, ಆಮೇಲೆ 12,363.61. ಸರಳ ಬಡ್ಡಿ ಆಗಿದ್ರೆ 12,360. "ಮೂರೂವರೆ ರೂಪಾಯಿ ಚಿಲ್ಲರೆ, ಅಷ್ಟೇ" ಅಂತ ಮಕ್ಕಳು ಅಂತಾರೆ, ಅನ್ನಲಿ. ಅದೇ ಸಾಲ ಐದು ವರ್ಷ ಕಟ್ಟದೆ ಬಿಟ್ರೆ, ಅಂದ್ರೆ 60 ತಿಂಗಳು, ಎಷ್ಟಾಗತ್ತೆ ಅಂತ ಕೇಳಿ. ಸರಳವಾಗಿ 19,200. ಬಡ್ಡಿ ಸೇರ್ತಾ ಹೋದ್ರೆ 21,800.36. ಮೂರು ಚಿಲ್ಲರೆ ರೂಪಾಯಿಯ ವ್ಯತ್ಯಾಸ 2600ಕ್ಕೆ ಬಂದು ನಿಂತಿದೆ, ರೇಟು ಒಂದಿಷ್ಟೂ ಬದಲಾಗಿಲ್ಲ.

ನಾಲ್ಕನೇ ಪೀರಿಯಡ್: ಪೆಟ್ಟಿಗೆಗೆ ದುಡ್ಡು ಸಾಲಲ್ಲ

ಇದು ನನಗೆ ಇಡೀ ಪಾಠದಲ್ಲಿ ತುಂಬಾ ಇಷ್ಟವಾದ ಭಾಗ. ಲೆಕ್ಕ ಬರೆಯೋ ಹುಡುಗಿನ ಎಬ್ಬಿಸಿ ಕೇಳಿ, "ಇಟ್ಟವರಲ್ಲಿ ಒಬ್ಬರ 12,000ಕ್ಕೆ ವರ್ಷಕ್ಕೆ 1200 ಕೊಡ್ತೀವಿ ಅಂದಿದೀವಿ. ಅದೇ 12,000ನ ಸಾಲ ಕೊಟ್ವಿ, ರೆಡ್ಯೂಸಿಂಗಲ್ಲಿ ಬಂದಿದ್ದು 780. ಮಿಕ್ಕಿದ್ದು ಎಲ್ಲಿಂದ ಕೊಡ್ತೀಯ?" 10ಕ್ಕೆ ತಗೊಂಡು 12ಕ್ಕೆ ಕೊಟ್ರೂ ಪೆಟ್ಟಿಗೆ 420 ರೂಪಾಯಿ ನಷ್ಟದಲ್ಲಿದೆ. ಹಂಗಾದ್ರೆ ಫ್ಲಾಟೇ ಸರಿ ಅಂತ ಕೆಲವರು ವಾಪಸ್ ಹೋಗ್ತಾರೆ, ಜಗಳ ಜೋರಾಗಿ ಆಗತ್ತೆ, ಆಗಲಿ.

ಉತ್ತರ ಕವರ್ ಒಳಗೇ ಇದೆ. ಕವರ್ ಬಿಚ್ಚಿ ತೋರಿಸಿ: ಸಾಲದವನು ಪ್ರತಿ ತಿಂಗಳು ವಾಪಸ್ ಕೊಟ್ಟ ಸಾವಿರದ ಚೀಟಿಗಳು ಅಲ್ಲೇ ಬಿದ್ದಿವೆ. ಕೆಲಸ ಇಲ್ದೆ ಕೂತಿವೆ. ಪೆಟ್ಟಿಗೆ ಇಟ್ಟವರಿಗೆ ಪೂರ್ತಿ 12,000ಕ್ಕೆ ಬಡ್ಡಿ ಕೊಡ್ತಾ ಇದೆ, ಆದ್ರೆ ಅದರ ದುಡ್ಡಲ್ಲಿ ಸರಾಸರಿ 6500 ಮಾತ್ರ ಹೊರಗೆ ದುಡೀತಾ ಇದೆ. ವಾಪಸ್ ಬಂದ ಸಾವಿರವನ್ನ ಅದೇ ದಿನ ಇನ್ನೊಬ್ಬರಿಗೆ ಅದೇ ನೂರಕ್ಕೆ ಒಂದ್ರೂಪಾಯಿ ಹಾಗೆ ಸಾಲ ಕೊಟ್ರೆ? ಆಗ ಯಾವ ತಿಂಗಳು ನೋಡಿದ್ರೂ ಹೊರಗೆ 12,000 ಇರತ್ತೆ, ತಿಂಗಳಿಗೆ 120, ವರ್ಷಕ್ಕೆ 1440. ಇಟ್ಟವರಿಗೆ 1200 ಕೊಟ್ಟು 240 ಉಳೀತು. ಅಂದ್ರೆ 1440 ಅನ್ನೋದು 12,000ವನ್ನ ಪೂರ್ತಿ ವರ್ಷ ಬಳಸಿದ್ದಕ್ಕೆ ಬೆಲೆ, ಆದ್ರೆ ಅದನ್ನ ಬಳಸಿದ್ದು ಒಬ್ಬನೇ ಅಲ್ಲ, ಹಲವರು. ಫ್ಲಾಟಲ್ಲಿ ಆ ಪೂರ್ತಿ 1440ನ ಮೊದಲನೆಯವನೊಬ್ಬನೇ ಕಟ್ತಾನೆ, ಅವನು ವಾಪಸ್ ಕೊಟ್ಟ ದುಡ್ಡನ್ನ ಪೆಟ್ಟಿಗೆ ಇನ್ನೊಬ್ಬರಿಗೆ ಕೊಟ್ಟು ಅದರ ಮೇಲೂ ಸಂಪಾದಿಸ್ತಾ ಇರತ್ತೆ.

ಇನ್ನೂ ಒಂದು ಹೆಜ್ಜೆ ಇದೆ. ತಿಂಗಳ 120 ಬಡ್ಡಿನ ಪೆಟ್ಟಿಗೇಲೇ ಇಟ್ಕೊಳ್ಳೋ ಬದಲು ಅದನ್ನೂ ಸಾಲ ಕೊಟ್ರೆ ಎಷ್ಟಾಗತ್ತೆ? ಇದು ಮೊದಲನೇ ಪೀರಿಯಡ್ಡಿನ ಬಡ್ಡಿ ಮುಟ್ಟದ ಹುಡುಗನ ಕಥೆಯೇ, ಅವಧಿ ಮಾತ್ರ ವರ್ಷದ ಬದಲು ತಿಂಗಳು.

```
12000 × (1.01)^12 = 13521.90
```

ಬಡ್ಡಿ 1521.90, ಅಂದ್ರೆ ವರ್ಷಕ್ಕೆ 12.68 ಪರ್ಸೆಂಟ್. ತಿಂಗಳಿಗೆ 1 ಅಂದ್ರೆ ವರ್ಷಕ್ಕೆ 12 ಅನ್ನೋದು ಬಡ್ಡಿ ಎತ್ಕೊಂಡವರಿಗೆ ನಿಜ, ಬಡ್ಡಿ ಸೇರಿಸಿದವರಿಗೆ 12.68. ಇದನ್ನ ಪೆಟ್ಟಿಗೆ ಕಡೆಯಿಂದ ನೋಡಿದ ಮೇಲೆ, ಅರ್ಧ ವರ್ಷಕ್ಕೊಮ್ಮೆ, ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರಿಸೋ ಲೆಕ್ಕಗಳು ಬಂದ್ರೆ `r/n`, `nt` ಯಾಕೆ ಅಂತ ಮತ್ತೆ ವಿವರಿಸೋ ಕೆಲಸ ನನಗೆ ಬಿದ್ದಿಲ್ಲ.

ಐದನೇ ಪೀರಿಯಡ್: ನಿಜವಾದ ರೇಟು ಹುಡುಕೋದು

ಸ್ಪ್ರೆಡ್‌ಶೀಟ್ ಇದ್ರೆ ಒಳ್ಳೇದು, ಇಲ್ದಿದ್ರೆ ಕ್ಯಾಲ್ಕುಲೇಟರ್ ಹಿಡ್ಕೊಂಡು ಗುಂಪಿಗೊಂದು ರೇಟು ಹಂಚಿ ಕೈಯಲ್ಲೇ ಮಾಡಿಸ್ಬಹುದು. `E1` ಅಲ್ಲಿ ತಿಂಗಳ ರೇಟು ಇರತ್ತೆ, ಮೊದಲು 0.01 ಹಾಕಿ. `E2` ಅಲ್ಲಿ ತಿಂಗಳ ಕಂತು, 1120 ಹಾಕಿ.

```
A2: 12000
B2: =A2*$E$1
C2: =$E$2
A3: =A2+B2-C2
```

`B2` ಮತ್ತೆ `C2`ನ 13ನೇ ಸಾಲಿನ ತನಕ ಎಳೀರಿ, `A3`ನ `A14` ತನಕ. `A14` ಅಂದ್ರೆ ಹನ್ನೆರಡು ಕಂತು ಕಟ್ಟಿದ ಮೇಲೆ ಉಳಿದ ಬಾಕಿ, ಸಾಲ ತೀರಿದ್ರೆ ಅದು ಸೊನ್ನೆ ಆಗ್ಬೇಕು. 0.01 ಇದ್ದಾಗ ಅಲ್ಲಿ ಮೈನಸ್ 682.50 ಕಾಣತ್ತೆ, ಅಂದ್ರೆ ತಿಂಗಳಿಗೆ 1 ಪರ್ಸೆಂಟ್ ನಿಜ ಆಗಿದ್ರೆ ಅವನು ಅಷ್ಟು ಹೆಚ್ಚಿಗೆ ಕಟ್ಟಿಬಿಟ್ಟಿದಾನೆ. ಈಗ `E1` ಬದಲಾಯಿಸ್ತಾ ಹೋಗಿ. 0.018 ಹಾಕಿದ್ರೆ ಸ್ವಲ್ಪ ಬಾಕಿ ಉಳಿಯತ್ತೆ, 0.0178ಕ್ಕೆ ಮತ್ತೆ ಮೈನಸ್. ನಡುವೆ ಹುಡುಕಿದ್ರೆ 0.0179ರ ಹತ್ರ ಸೊನ್ನೆ. ಹನ್ನೆರಡರಿಂದ ಗುಣಿಸಿದ್ರೆ ವರ್ಷಕ್ಕೆ ಸುಮಾರು 21.5 ಪರ್ಸೆಂಟ್. ಹನ್ನೆರಡು ಅಂತ ಹೇಳಿದ ಫ್ಲಾಟ್ ಸಾಲದ ನಿಜವಾದ ರೇಟು ಅದು.

ಕೈ ಲೆಕ್ಕದಲ್ಲಿ 22ರ ಮೇಲೆ ಬಂದಿತ್ತಲ್ಲ, ಇಲ್ಲಿ ಯಾಕೆ ಕಮ್ಮಿ ಅಂತ ಕೇಳೋರು ಇರ್ತಾರೆ. ಕೈ ಲೆಕ್ಕದಲ್ಲಿ ಪ್ರತಿ ಕಂತಲ್ಲೂ ಅಸಲು 1000 ಅಂತ ಇಟ್ಕೊಂಡಿದ್ವಿ. ರೇಟು 1.79 ಆದಾಗ ಮೊದಲ ತಿಂಗಳ 1120ರಲ್ಲಿ ಬಡ್ಡಿಗೇ 215ರಷ್ಟು ಹೋಗತ್ತೆ, ಅಸಲಿಗೆ ಸಾವಿರಕ್ಕಿಂತ ಕಮ್ಮಿ. ಹಾಗಾಗಿ ಬಾಕಿ ನಿಧಾನಕ್ಕೆ ಇಳಿಯತ್ತೆ, ಸರಾಸರಿ ಬಾಕಿ 6500ಕ್ಕಿಂತ ಸ್ವಲ್ಪ ಹೆಚ್ಚು, ರೇಟು ಸ್ವಲ್ಪ ಕಮ್ಮಿ.

ಇದೇ ಶೀಟಲ್ಲಿ `E1`ನ 0.01ಕ್ಕೆ ವಾಪಸ್ ತಂದು, ಈ ಸಲ `E2` ಅಲ್ಲಿರೋ ಕಂತನ್ನ ಬದಲಾಯಿಸಿ ಸೊನ್ನೆ ಹುಡುಕಿಸಿ. 1066.19 ಬರತ್ತೆ. ಇಎಂಐ ಅಂತ ಕರೆಯೋದು ಇದನ್ನೇ, ಪ್ರತಿ ತಿಂಗಳು ಒಂದೇ ಕಂತು, ಒಳಗೆ ಬಡ್ಡಿ ಇಳೀತಾ ಅಸಲು ಏರ್ತಾ ಹೋಗತ್ತೆ. ಒಟ್ಟು ಬಡ್ಡಿ ಸುಮಾರು 794, 780ಕ್ಕಿಂತ ಚೂರು ಜಾಸ್ತಿ, ಯಾಕಂದ್ರೆ ಶುರುವಿನ ತಿಂಗಳುಗಳಲ್ಲಿ ಅಸಲು ಸಾವಿರಕ್ಕಿಂತ ಕಮ್ಮಿ ತೀರತ್ತೆ. ಗುಣೋತ್ತರ ಶ್ರೇಢಿ ಮೊತ್ತದಿಂದ ಇಎಂಐ ಸೂತ್ರ ತೆಗೆಯೋದು ಬೇಕಿದ್ದವರಿಗೆ ಇದೇ ಜಾಗ, ಸಿಲೆಬಸ್ಸಲ್ಲಿ ಇಲ್ದಿದ್ರೆ ನಾನು ಒತ್ತಾಯ ಮಾಡಲ್ಲ.

ಕಲಿತ್ರಾ ಇಲ್ವಾ ಅಂತ ನೋಡೋಕೆ

ಸೂತ್ರಕ್ಕೆ ಸಂಖ್ಯೆ ಹಾಕೋ ಲೆಕ್ಕ ಕೊಟ್ರೆ ಏನೂ ಗೊತ್ತಾಗಲ್ಲ. ನಾನು ಕೊಡೋದು ಒಂದೇ: 6000 ಸಾಲ, ಫ್ಲಾಟ್ 12 ಪರ್ಸೆಂಟ್, ಆರು ತಿಂಗಳು. ಕೈ ಲೆಕ್ಕದಲ್ಲಿ ನಿಜವಾದ ರೇಟು ಹನ್ನೆರಡು ತಿಂಗಳ ಸಾಲಕ್ಕಿಂತ ಹೆಚ್ಚಾ ಕಮ್ಮಿಯಾ, ಯಾಕೆ? ಮೊದಲು ಊಹೆ ಬರೀಬೇಕು, ಆಮೇಲೆ ಲೆಕ್ಕ. ಫ್ಲಾಟ್ ಬಡ್ಡಿ 360, ಉಳಿದ ಬಾಕಿ ಮೇಲೆ ಹಾಕಿದ್ರೆ 60ರಿಂದ 10ರ ತನಕ ಕೂಡಿ 210. ಸರಾಸರಿ ಬಾಕಿ 3500, ಅದಕ್ಕೆ ಅರ್ಧ ವರ್ಷಕ್ಕೆ 360, ವರ್ಷಕ್ಕೆ ಹೇಳೋದಾದ್ರೆ 20.57 ಪರ್ಸೆಂಟ್. ಹನ್ನೆರಡು ತಿಂಗಳದ್ದು 22.15 ಇತ್ತು, ಇದು ಕಮ್ಮಿ.

"ಕಮ್ಮಿ" ಅಂತ ಬರೆದವರಿಗೆ ಅರ್ಧ ಮಾರ್ಕ್ಸ್ ಮಾತ್ರ, ಮಿಕ್ಕಿದ್ದು ಕಾರಣಕ್ಕೆ. ಕಳೆದ ಸಲ ಒಬ್ಬಳು ಸಂಖ್ಯೆ ಬಿಟ್ಟು ಅಕ್ಷರದಲ್ಲೇ ಮಾಡಿ ತಂದಳು. ಸಮ ಅಸಲಿನ `n` ಕಂತು ಇದ್ರೆ, ಫ್ಲಾಟ್ ಬಡ್ಡಿನ ಉಳಿದ ಬಾಕಿ ಮೇಲಿನ ಬಡ್ಡಿಯಿಂದ ಭಾಗಿಸಿದಾಗ ಬರೋದು `2n/(n+1)`. ಹನ್ನೆರಡು ಹಾಕಿ ನೋಡಿದ್ವಿ, 24/13, ತಾಳೆ ಆಯ್ತು. ಆರು ಹಾಕಿದ್ವಿ, 12/7, ಅದೂ ಆಯ್ತು. ಕಂತು ಜಾಸ್ತಿ ಆದಷ್ಟೂ ಇದು 2ರ ಹತ್ರ ಹೋಗತ್ತೆ, ಮುಟ್ಟಲ್ಲ. ಕೊನೆಗೆ ಅವಳೇ `n` ಜಾಗದಲ್ಲಿ 1 ಹಾಕಿದಳು, ಉತ್ತರ ಸರಿಯಾಗಿ 1 ಬಂತು. ಸಾಲ ಪೂರ್ತಿ ಕೊನೆ ತನಕ ಕೈಲಿಟ್ಕೊಂಡು ಒಂದೇ ಸಲ ವಾಪಸ್ ಕೊಡೋನಿಗೆ ಮಾತ್ರ ಫ್ಲಾಟ್ ರೇಟು ಹೇಳಿದಷ್ಟೇ ಇರತ್ತೆ ಅಂತ ಪಕ್ಕದಲ್ಲಿ ಬರೆದಿದ್ದಳು.